ಪಾಸ್ ನಂಬರ್ 73

ನಮ್ಮ ದೊಡ್ಡಮ್ಮನ ಮೊಮ್ಮಗಳ ಲಗ್ನಪತ್ರಿಕೆ ಜೊತೆ ಈ ಸಲ ಇನ್ನೊಂದು ಕಾರ್ಡೂ ಬಂತು. ಮೇಲೆ ಗಣಪತಿ, ಕೆಳಗೆ ಕ್ಯೂಆರ್ ಕೋಡು, ನಡುವೆ ಬಂಗಾರದ ಅಕ್ಷರದಲ್ಲಿ 'ಕಾಯ್ದಿರಿಸಿದ ಪಾರ್ಕಿಂಗ್, ಸಂಖ್ಯೆ 73, ಸಂಜೆ 7ರಿಂದ 8.30'. ಬೆಂಗಳೂರಲ್ಲಿ ಆರತಕ್ಷತೆಗೆ ಹೋಗಿ ಕಾರು ನಿಲ್ಲಿಸೋಕೆ ಜಾಗ ಸಿಗೋದು ಪೂರ್ವಜನ್ಮದ ಪುಣ್ಯ. ಅದು ಅಂಚೆಯಲ್ಲೇ ಮನೆಗೆ ಬಂದರೆ? ಕಾರ್ಡನ್ನು ದೇವರ ಮುಂದೆ ಇಟ್ಟೆವು.

ಇದೆಲ್ಲ ಮದುಮಗಳ ಅಣ್ಣನ ಕೆಲಸ. ಸಾಫ್ಟ್‌ವೇರಲ್ಲಿದ್ದಾನೆ. ಲೆಕ್ಕವನ್ನೂ ತೋರಿಸಿದ. ಛತ್ರದ ಹಿಂದಿನ ಜಾಗ 10 ಗುಂಟೆ. ಕಾರು ನಿಲ್ಲೋದಕ್ಕೆ, ತಿರುಗೋದಕ್ಕೆ, ಓಡಾಡೋ ದಾರಿಗೆ ಎಲ್ಲ ಸೇರಿ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ಬೇಕು. ಅಂದ್ರೆ ಗುಂಟೆಗೆ ನಾಲ್ಕು ಕಾರು, ಒಟ್ಟು 40. ಆರತಕ್ಷತೆ ಮೂರೂವರೆ ಗಂಟೆ. ಒಬ್ಬರು ಒಂದೂವರೆ ಗಂಟೆ ಇರುತ್ತಾರೆ ಅಂದುಕೊಂಡರೆ ಒಂದೊಂದು ಜಾಗ ಎರಡು ಸಲಕ್ಕಿಂತ ಜಾಸ್ತಿ ತುಂಬಿ ಖಾಲಿಯಾಗುತ್ತದೆ. 93 ಕಾರು ಬಂತು. "ರೌಂಡ್ ಆಗಿ ನೂರು ಪಾಸ್ ಕೊಟ್ಟಿದೀನಿ ಮಾಮ" ಅಂದ. ಲೆಕ್ಕದಲ್ಲಿ ತಪ್ಪು ಹುಡುಕೋಕೆ ನನಗಂತೂ ಆಗಲಿಲ್ಲ.

ತಪ್ಪು ಲೆಕ್ಕದಲ್ಲಿ ಇರಲೂ ಇಲ್ಲ. ಛತ್ರದಲ್ಲಿತ್ತು.

ಮೊದಲನೆಯದಾಗಿ, ಮನೆಯವರ ಹತ್ತು ಕಾರು ಮಧ್ಯಾಹ್ನವೇ ಬಂದು ಗೇಟಿನ ಪಕ್ಕದಲ್ಲೇ ನೆರಳು ನೋಡಿ ನಿಂತಿದ್ದವು. ಅವು ರಾತ್ರಿ ಹನ್ನೊಂದರ ತನಕ ಅಲ್ಲಾಡೋದಿಲ್ಲ. ಕೊನೆಗೆ ಹೋಗೋ ಕಾರು ಒಳಗಿನ ಮೂಲೆಯಲ್ಲಿರಬೇಕು, ಮುಯ್ಯಿ ಕೊಟ್ಟು ಊಟ ಮಾಡಿ ಹೊರಡುವವರದ್ದು ಗೇಟಿನ ಹತ್ತಿರ ಇರಬೇಕು. ಆದರೆ ಮೊದಲು ಬಂದವರಿಗೆ ಒಳ್ಳೆ ಜಾಗ ಅನ್ನೋದು ನಮ್ಮಲ್ಲಿ ಬಸ್ ಸೀಟಿಗೆ ಟವಲ್ ಹಾಕಿದ ಕಾಲದಿಂದ ನಡೆದು ಬಂದ ನ್ಯಾಯ. ಆಮೇಲೆ ಆರು ಜಾಗದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದು 'ಸಾಹೇಬರಿಗೆ'. ಸಾಹೇಬರು ಒಬ್ಬರೇ, ಆದರೆ ಅವರ ಹಿಂದೆ ಎಷ್ಟು ಗಾಡಿ ಬರುತ್ತೋ ಯಾರಿಗೆ ಗೊತ್ತು? ಉಳಿದದ್ದು 24 ಜಾಗ. ಅದೇ ಲೆಕ್ಕ ಮತ್ತೆ ಹಾಕಿದರೆ ನೂರು ಪಾಸಿನ ಬದಲು 56 ಕೊಡಬೇಕಿತ್ತು.

ಆ 56 ಕೂಡ ನಡೆಯೋದು ಬಂದವರು ಒಂದೂವರೆ ಗಂಟೆಗೆ ಹೊರಟರೆ ಮಾತ್ರ. ಹೊರಡೋದು ಯಾವಾಗ? ಹುಡುಗ ಹುಡುಗಿಯ ಪಕ್ಕ ನಿಂತು ಫೋಟೋ ಆದ ಮೇಲೆ. ಅವರು ವೇದಿಕೆಗೆ ಬರೋದು? ಮೇಕಪ್ ಮುಗಿದ ಮೇಲೆ. ಪತ್ರಿಕೆಯಲ್ಲಿ ಏಳು ಗಂಟೆ ಅಂತಿತ್ತು, ಅವರು ಬಂದದ್ದು ಎಂಟೂಕಾಲಿಗೆ. ಏಳಕ್ಕೆ ಬಂದ ನಿಯತ್ತಿನ ಜನ ಮುಯ್ಯಿ ಕವರ್ ಹಿಡಿದು ಜ್ಯೂಸ್ ಕುಡಿಯುತ್ತಾ ಕೂತಿದ್ದರು, ಅವರ ಕಾರುಗಳೂ ಕೂತಿದ್ದವು. ಎಕ್ಸೆಲ್ ಶೀಟಿನಲ್ಲಿ ಐಲೈನರಿಗೆ ಕಾಲಂ ಇರಲಿಲ್ಲ ನೋಡಿ.

ಇನ್ನು ಗೇಟು. ಒಂದೇ ಗೇಟು. ಒಳಗೆ ಹೋಗೋದಕ್ಕೂ ಅದೇ, ಹೊರಗೆ ಬರೋದಕ್ಕೂ ಅದೇ. ಅಲ್ಲೊಬ್ಬ ಹುಡುಗ ಮೊಬೈಲ್ ಹಿಡಿದು ಪ್ರತಿ ಕಾರನ್ನೂ ನಿಲ್ಲಿಸುತ್ತಿದ್ದ. ಗ್ಲಾಸ್ ಇಳಿಯಬೇಕು, ಪಾಸ್ ಎಲ್ಲಿ ಅಂತ ಹೆಂಡತಿ ಬ್ಯಾಗು ತಡಕಬೇಕು, ಬಂಗಾರದ ಹೊಳಪಿಗೆ ಕೋಡು ಓದದೆ ಮೊಬೈಲನ್ನು ಆ ಕಡೆ ಈ ಕಡೆ ತಿರುಗಿಸಬೇಕು. ಕಾರಿಗೆ 40 ಸೆಕೆಂಡ್ ಅಂತಿಟ್ಟುಕೊಳ್ಳಿ. ಗಂಟೆಗೆ 90 ಕಾರು. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ಒಳಗಿನ 24 ಜಾಗ ತುಂಬೋದಕ್ಕೆ ಅವನಿಗೆ 16 ನಿಮಿಷ ಸಾಕು. ಆಮೇಲೆ ಬಂದವರಿಗೂ 'ಭರ್ತಿ' ಅನ್ನುವ ಹಾಗಿಲ್ಲ, ಅವರ ಕೈಯಲ್ಲೂ ಪಾಸಿದೆ! ನಿಂತ ಕಾರು ಒಂದು ಆರು ಮೀಟರ್ ರಸ್ತೆ ತಿನ್ನುತ್ತದೆ. ಗೇಟಿಗೂ ಸಿಗ್ನಲ್ಲಿಗೂ ಇದ್ದದ್ದು ಸುಮಾರು 120 ಮೀಟರ್. ಇಪ್ಪತ್ತನೇ ಕಾರು ಸಿಗ್ನಲ್ಲಿನಲ್ಲಿ ನಿಂತಿತು.

ಇಪ್ಪತ್ತನೆಯದು ನಂದು.

ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಯಾರೂ ಹಾರನ್ ಹೊಡೆಯಲಿಲ್ಲ, ಹಿಂದಿನವರೂ ಇಳಿದಿದ್ದರು. ಗೇಟಿನ ಹತ್ತಿರ ಛತ್ರದ ಹಳೇ ಸೆಕ್ಯುರಿಟಿಯವರು ಸೀಟಿ ಕೊರಳಿಗೆ ಹಾಕಿಕೊಂಡು ಸುಮ್ನೆ ನಿಂತಿದ್ದರು. ಇವತ್ತು ಅವರಿಗೆ ಕೆಲಸ ಇಲ್ಲವಂತೆ, 'ಸಿಸ್ಟಮ್' ಬಂದಿದೆಯಂತೆ.

"ಗೇಟಲ್ಲಿ ಕಾರು ನಿಲ್ಲಬಾರದು ಸಾರ್. ಏನು ಕೇಳೋದಿದ್ರೂ ಒಳಗೆ ಬಿಟ್ಕೊಂಡು ಕೇಳ್ಬೇಕು. ನಾವು ಬಿಲ್ಲೆ ಕೊಡ್ತಿದ್ವಿ. ಜಾಗ ಎಷ್ಟಿದೆಯೋ ಅಷ್ಟೇ ಬಿಲ್ಲೆ. ಒಳಗೆ ಹೋದ್ರೆ ಒಂದು ಕೊಡೋದು, ಆಚೆ ಬಂದ್ರೆ ಈಸ್ಕೊಳ್ಳೋದು. ಕೈಯಲ್ಲಿ ಬಿಲ್ಲೆ ಮುಗೀತು ಅಂದ್ರೆ ಸಿಗ್ನಲ್ ಹತ್ರ ಇರೋ ಹುಡುಗನಿಗೆ ಫೋನು, ಅವನು ಅಲ್ಲಿಂದಲೇ ಮುಂದೆ ಕಳಿಸ್ತಿದ್ದ."

ಪಕ್ಕದ ಖಾಲಿ ಸೈಟಿಗೆ ಬಿಡಬಹುದಲ್ಲ ಅಂದೆ. ಸೊಂಟದವರೆಗೆ ಒಣಹುಲ್ಲು ತೋರಿಸಿದರು. 2019ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ನಡೆಯುವಾಗ ಪಾರ್ಕಿಂಗ್ ಮೈದಾನದ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟದ್ದು ಅವರಿಗೆ ನೆನಪಿತ್ತು. ಛತ್ರದವರಿಗೂ ನೆನಪಿತ್ತಂತೆ, ಹುಲ್ಲು ಕೊಯ್ಯಿಸೋದು ಮಾತ್ರ ಮರೆತಿತ್ತು.

ಅಷ್ಟರಲ್ಲಿ ಒಳಗೆ ಹಾಡು ನಿಂತು ಮೈಕಿನಲ್ಲಿ ಬಂತು: "ಬಿಳಿ ಕಾರಿನವರು ದಯವಿಟ್ಟು ಗಾಡಿ ತೆಗೀರಿ." ಅಂಗಳದಲ್ಲಿದ್ದ ಕಾರುಗಳಲ್ಲಿ ಅರ್ಧ ಬಿಳಿ. ಹತ್ತು ಜನ ಎಲೆ ಬಿಟ್ಟು ಓಡಿ ಬಂದರು. ವಿಷಯ ಏನೆಂದರೆ, ಜಾಗ ಸಾಲದೆ ಸಾಲಿನ ಹಿಂದೆ ಅಡ್ಡಲಾಗಿ ಕಾರು ಬಿಡಿಸಿದ್ದರು. ಅದಕ್ಕೆ ಹಳೇ ಉಪಾಯವಿದೆ: ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯದೆ ಹೋಗಬೇಕು. ಬೇಕಾದವರು ತಳ್ಳಿಕೊಳ್ಳುತ್ತಾರೆ. ಆದರೆ ಇದು ಆಟೋಮ್ಯಾಟಿಕ್. ಆಫ್ ಮಾಡಿದರೆ ಚಕ್ರ ಲಾಕ್. ನಾಲ್ಕು ಜನ ರೇಷ್ಮೆ ಪಂಚೆ ಎತ್ತಿ ಕಟ್ಟಿ ತಳ್ಳಿದರು. ಕಾರು ಮುಂದಕ್ಕೆ ವಾಲಿತು, ಹಿಂದಕ್ಕೆ ವಾಲಿತು, ಇದ್ದಲ್ಲೇ ಇತ್ತು. ಅದರ ಹಿಂದೆ ಹೊರಡಲು ಸಿದ್ಧವಾಗಿದ್ದ ಏಳು ಕಾರು. ಹೊರಗೆ ಬರೋರಿಗೆ ದಾರಿ ಇಲ್ಲ, ಅವರು ಬರದೆ ನಮಗೆ ಜಾಗ ಇಲ್ಲ, ನಾವು ಸರಿಯದೆ ಅವರು ರಸ್ತೆಗೆ ಇಳಿಯೋ ಹಾಗಿಲ್ಲ.

ಪಾಸ್ ಸಿಗದೆ ಬೇಜಾರು ಮಾಡಿಕೊಂಡಿದ್ದ ನಮ್ಮ ಷಡ್ಡಕ ಎರಡು ರಸ್ತೆ ಆಚೆ ಕಾರು ಬಿಟ್ಟು ನಡೆದು ಬಂದಿದ್ದ. ಹೋಳಿಗೆ ಊಟ ಮುಗಿಸಿ, ತಾಂಬೂಲದ ಚೀಲ ಬೀಸಿಕೊಂಡು ನನ್ನ ಕಾರಿನ ಪಕ್ಕದಲ್ಲೇ ಹಾದುಹೋದ. "ನಿಮಗೇನಪ್ಪ, ರಿಸರ್ವೇಷನ್ ಇದೆ" ಅಂದ.

ಒಂಬತ್ತೂವರೆಗೆ ನನ್ನ ಹಿಂದಿನ ನಾಲ್ಕನೇ ಕಾರಿನಿಂದ ಸಫಾರಿ ಸೂಟಿನ ಒಬ್ಬರು ಇಳಿದು, ಮಳೆನೀರಿನ ಗುಂಡಿ ದಾಟಿ, ಹೂಗುಚ್ಛ ಹಿಡಿದು ಗೇಟಿನ ಕಡೆ ನಡೆದರು. ಹಿಂದೆ ಗಾಡಿ ಯಾವುದೂ ಇರಲಿಲ್ಲ. ಸ್ಕ್ಯಾನ್ ಹುಡುಗ "ಪಾಸ್ ಸಾರ್?" ಅಂದ. ಮದುಮಗಳ ಅಪ್ಪ ಓಡಿ ಬಂದು "ಅಯ್ಯೋ ಸಾಹೇಬರೇ, ನಿಮಗೆ ಆರು ಜಾಗ ಇಟ್ಟಿದ್ವಲ್ಲ!" ಅಂದರು.

ಸೆಕ್ಯುರಿಟಿಯವರು ಹೋಗಿ ಆ ಕೆಂಪು ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಕೂತರು. ಇನ್ನೊಂದನ್ನು ನನ್ನ ಕಡೆ ತಳ್ಳಿದರು.