‘ಯಾವ ಕೆಲಸವಾದರೂ ಸರಿ’ ಅಂತ ಬರೆದರೆ ಉತ್ತರ ಬರುವುದಿಲ್ಲ

ಊರು ಬಿಟ್ಟು ಬಂದು ಬಹಳ ವರ್ಷವಾಯಿತು. ಇಲ್ಲಿ ನಮ್ಮ ತಂಡಕ್ಕೆ ಜನ ಬೇಕಾದಾಗ, ಕೆಲಸ ಕೇಳಿ ಬಂದ ಮೆಸೇಜುಗಳನ್ನು ರಿಕ್ರೂಟರ್ ನನಗೂ ಕಳಿಸುತ್ತಾರೆ. ಐವತ್ತು ದಾಟಿದ ನಮ್ಮವರು ಬರೆದದ್ದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಕೆಲಸ ಬಲ್ಲವರೇ. ಆದರೆ ಮೊದಲ ಮೆಸೇಜಿನಲ್ಲಿ ಅದು ಕಾಣುವುದೇ ಇಲ್ಲ.

ನಮ್ಮಲ್ಲಿ ಮೊದಲು ವಯಸ್ಸು ಮತ್ತು ಅನುಭವ ಹೇಳಿ, ಆಮೇಲೆ ವಿನಯದಿಂದ ಕೇಳಿಕೊಳ್ಳುವುದು ರೂಢಿ. ಇಲ್ಲಿಯವರು ಈಗ ಏನು ಮಾಡುತ್ತಿದ್ದೇನೆ ಅನ್ನುವುದರಿಂದಲೇ ಶುರು ಮಾಡುತ್ತಾರೆ. ಮೊದಮೊದಲು ನನಗೆ ಅದು ಒರಟು ಅನ್ನಿಸುತ್ತಿತ್ತು. ಈಗ ಅದೇ ಸರಿ ಅನ್ನಿಸುತ್ತದೆ.

ಗೆಳೆಯರೊಬ್ಬರ ಉದಾಹರಣೆ ಕೊಡುತ್ತೇನೆ. ಅವರಿಗೆ 54 ವರ್ಷ, ಡೇಟಾಬೇಸ್ ಕೆಲಸ. ಅವರು ಬರೆದಿದ್ದು ಹೀಗೆ: ‘ಮಾನ್ಯರೇ, ಆರಕಲ್‌ನಲ್ಲಿ 28 ವರ್ಷಗಳ ಅಪಾರ ಅನುಭವವಿದೆ. ಹೊಸದನ್ನು ಕಲಿಯಲು ಸದಾ ಸಿದ್ಧ. ನನ್ನ ಅರ್ಹತೆಗೆ ತಕ್ಕ ಯಾವ ಕೆಲಸವಾದರೂ ಸರಿ, ದಯವಿಟ್ಟು ತಿಳಿಸಿ.’ ನಾಲ್ಕು ಕಡೆ ಕಳಿಸಿದರು. ಒಂದೂ ಉತ್ತರವಿಲ್ಲ.

ರಿಕ್ರೂಟರ್ ಕೈಯಲ್ಲಿ ಇರುವುದು ಒಂದು ನಿರ್ದಿಷ್ಟ ಹುದ್ದೆ. ‘ಯಾವುದಾದರೂ ಸರಿ’ ಅಂದವರನ್ನು ಎಲ್ಲಿ ಕೂರಿಸಬೇಕು ಅಂತ ಯೋಚಿಸುವಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ. ‘ಕಲಿಯಲು ಸಿದ್ಧ’ ಅಂದರೆ ಇನ್ನೂ ಕಲಿತಿಲ್ಲ ಅಂತಲೂ ಓದಿಕೊಳ್ಳಬಹುದು, ಅಲ್ವಾ? 28 ವರ್ಷ ಅನ್ನುವುದು ಹೆಮ್ಮೆಯ ಮಾತೇ. ಆದರೆ ಕಳೆದ ವರ್ಷ ಏನು ಮಾಡಿದಿರಿ ಅನ್ನುವ ಪ್ರಶ್ನೆಗೆ ಅದು ಉತ್ತರವಲ್ಲ.

ವಿಚಾರಿಸಿದಾಗ ತಿಳಿಯಿತು, ಅವರು ಕಳೆದ 14 ತಿಂಗಳಿಂದ ಹಳೆಯ ಆರಕಲ್ ಡೇಟಾಬೇಸುಗಳನ್ನು ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿಗೆ ಸಾಗಿಸುತ್ತಿದ್ದರು. ಇಷ್ಟು ದೊಡ್ಡ ವಿಷಯವನ್ನೇ ಬರೆದಿರಲಿಲ್ಲ! ಇಬ್ಬರೂ ಕೂತು ಹೊಸದಾಗಿ ಬರೆದೆವು:

‘ನಮಸ್ಕಾರ. ನೀವು ಹಾಕಿರುವ ಪೋಸ್ಟ್‌ಗ್ರೆಸ್ ಎಂಜಿನಿಯರ್ ಹುದ್ದೆಯ ಬಗ್ಗೆ ಬರೆಯುತ್ತಿದ್ದೇನೆ. ಕಳೆದ 14 ತಿಂಗಳಲ್ಲಿ ಮೂರು ಡೇಟಾಬೇಸುಗಳನ್ನು ಆರಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸಿದ್ದೇನೆ. ದೊಡ್ಡದು 2 ಟೆರಾಬೈಟ್. ಆರಕಲ್ ಖಾಲಿ ಅಕ್ಷರಸಾಲನ್ನು ನಲ್ ಅಂತ ಎಣಿಸುತ್ತದೆ, ಪೋಸ್ಟ್‌ಗ್ರೆಸ್ ಎಣಿಸುವುದಿಲ್ಲ. ಇದರಿಂದ ತಪ್ಪು ಲೆಕ್ಕ ಕೊಡುತ್ತಿದ್ದ ರಿಪೋರ್ಟುಗಳನ್ನು ನಾನೇ ಸರಿಪಡಿಸಿದೆ. ಕೋಡ್ ಬರೆಯುವುದೇ ನನ್ನ ದಿನದ ಕೆಲಸ. ನನಗಿಂತ ಕಿರಿಯರಾದ ಲೀಡ್ ಕೈಕೆಳಗೆ ಎರಡು ವರ್ಷದಿಂದ ಇದ್ದೇನೆ. ಕಾಯಂ ಅಥವಾ ಕಾಂಟ್ರಾಕ್ಟ್ ಎರಡೂ ಆದೀತು. ನೀವು ತಿಳಿಸಿರುವ ಸಂಬಳದ ಮಿತಿ ಒಪ್ಪಿಗೆ. ಈ ವಾರ ಹದಿನೈದು ನಿಮಿಷ ಮಾತಾಡಬಹುದೇ?’

ಈ ಮೆಸೇಜಿಗೆ ಓದುಗರು ಇಬ್ಬರು. ರಿಕ್ರೂಟರ್‌ಗೆ ಒಳಗಿನ ತಾಂತ್ರಿಕ ವಿಷಯ ಅಷ್ಟಾಗಿ ಗೊತ್ತಿರದಿರಬಹುದು. ಜಾಹೀರಾತಿನಲ್ಲಿ ಇರುವ ಪದವೇ ಇಲ್ಲೂ ಇದೆಯಾ ಅಂತ ಅವರು ನೋಡುತ್ತಾರೆ. ಅದಕ್ಕೇ ಹುದ್ದೆಯ ಹೆಸರನ್ನು ಅವರು ಹಾಕಿದ ಹಾಗೆಯೇ ಬರೆದೆವು. ಆ ಖಾಲಿ ಅಕ್ಷರಸಾಲಿನ ಮಾತು ಇರುವುದು ಎರಡನೆಯ ಓದುಗರಿಗೆ, ಅಂದರೆ ಆ ತಂಡದ ಮುಖ್ಯಸ್ಥರಿಗೆ. ಕೈಯಾರೆ ಮಾಡಿದವರಿಗೆ ಮಾತ್ರ ಹೊಳೆಯುವ ಒಂದು ಸಣ್ಣ ತೊಡಕು ಸಾಕು, ಮೂರು ಸರ್ಟಿಫಿಕೇಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಒಂದೇ ಸಾಕು. ನಾಲ್ಕು ತುಂಬಿಸಿದರೆ ಯಾರೂ ಓದುವುದಿಲ್ಲ.

ಹೊಂದಿಕೊಳ್ಳುವ ಗುಣದ ವಿಷಯದಲ್ಲಿ ನಮ್ಮ ರೂಢಿಗೂ ಇಲ್ಲಿಯದಕ್ಕೂ ಜಾಸ್ತಿ ಅಂತರ ಕಾಣುತ್ತದೆ. ನಾವು ‘ಹೊಂದಿಕೊಳ್ಳುತ್ತೇನೆ’ ಅಂತ ಮಾತು ಕೊಡುತ್ತೇವೆ. ಓದುವವರ ಮನಸ್ಸಿನಲ್ಲಿ ಇರುವ ಅನುಮಾನಗಳೇ ಬೇರೆ. ಇವರು ಜಾಸ್ತಿ ಸಂಬಳ ಕೇಳುತ್ತಾರಾ? ಚಿಕ್ಕವರ ಮಾತು ಕೇಳುತ್ತಾರಾ? ಕೋಡ್ ಬರೆಯುತ್ತಾರಾ, ಬರೀ ಮೀಟಿಂಗ್ ಮಾಡುತ್ತಾರಾ? ಇವನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ವಯಸ್ಸಿನ ಮಾತೆತ್ತದೆ, ನಡೆದ ಸಂಗತಿಯಿಂದಲೇ ಉತ್ತರ ಕೊಡಬೇಕು. ‘ವಯಸ್ಸಾದರೂ ಉತ್ಸಾಹ ಕುಂದಿಲ್ಲ’ ಅಂತ ಬರೆದರೆ, ಇಲ್ಲದ ಅನುಮಾನವನ್ನು ನಾವೇ ಹುಟ್ಟಿಸಿದ ಹಾಗೆ. ಒಪ್ಪದ ಸಂಬಳವನ್ನು ಒಪ್ಪಿಗೆ ಅನ್ನುವುದೂ ಬೇಡ, ಆಮೇಲೆ ಅದು ಮುಳ್ಳಾಗುತ್ತದೆ.

ಇತ್ತೀಚೆಗೆ ಮಾಡಿದ ಹೊಸ ಕೆಲಸವೇ ಇಲ್ಲದಿದ್ದರೆ? ಆಗ ಪದಗಳಿಂದ ತೇಪೆ ಹಾಕಲು ಆಗುವುದಿಲ್ಲ. ಹುದ್ದೆಗೆ ಬೇಕಾದದ್ದನ್ನು ಚಿಕ್ಕದಾಗಿಯಾದರೂ ಮಾಡಿ, ಆ ಚಿಕ್ಕದನ್ನೇ ಚಿಕ್ಕದು ಅಂತ ಬರೆಯಬೇಕು.

ಮೆಸೇಜ್ ನಾಟಿತೋ ಇಲ್ಲವೋ ಅನ್ನುವುದು ಬಂದ ಪ್ರಶ್ನೆಯಿಂದ ಗೊತ್ತಾಗುತ್ತದೆ. ‘ನೀವೇ ಕೋಡ್ ಬರೆಯುತ್ತೀರಾ?’ ಅಂತ ಕೇಳಿದರೆ ಆ ವಾಕ್ಯ ಮಸುಕಾಗಿದೆ, ಮುಂದಿನ ಸಲ ಮೇಲೆ ತನ್ನಿ. ನಮ್ಮ ಗೆಳೆಯರಿಗೆ ಮೂರನೆಯ ದಿನ ಬಂದದ್ದು ಬೇರೆ ಪ್ರಶ್ನೆ: ‘2 ಟೆರಾಬೈಟ್ ಸಾಗಿಸುವಾಗ ಎಷ್ಟು ಹೊತ್ತು ಸಿಸ್ಟಮ್ ನಿಲ್ಲಿಸಿದ್ದಿರಿ?’