ಲೂಸ್ ಎಷ್ಟು ಬಿಡ್ಲಿ ಸಾರ್?

ಮನಾಲಿಗೆ ಹೋಗೋಣ ಅಂತ ತೀರ್ಮಾನ ಆಗಿದ್ದು ಡಿಸೆಂಬರ್‌ನಲ್ಲಿ, ಜಾಕೆಟ್ ತಗೊಂಡಿದ್ದು ಜನವರಿ ಕೊನೇಲಿ, ಮೈಸೂರಿನ ಒಂದು ಅಂಗಡಿಯಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಮೈಮೇಲೆ ಒಂದು ತೆಳ್ಳನೆ ಕಾಟನ್ ಶರ್ಟು. ಈ ಒಂದೇ ವಾಕ್ಯದಲ್ಲಿ ನನ್ನ ತಪ್ಪು ಪೂರ್ತಿ ಇದೆ, ಆದ್ರೆ ಅದು ನಂಗೆ ಗೊತ್ತಾಗಿದ್ದು ಎರಡೂವರೆ ಸಾವಿರ ಕಿಲೋಮೀಟರ್ ಆಚೆ ಹೋದ್ಮೇಲೆ.

ಕನ್ನಡಿ ಮುಂದೆ ನಿಂತು ಎಲ್ ಸೈಜ್ ಹಾಕ್ಕೊಂಡೆ. ಒಳಗೆ ದಪ್ಪ ಹತ್ತಿಯ ಹಾಗೆ ಏನೋ ತುಂಬಿರೋ ಪ್ಯಾಡೆಡ್ ಜಾಕೆಟ್ಟು, ನನ್ನ ಮೈಗೇ ಹೊಲಿದ ಹಾಗೆ ಕೂತಿತ್ತು, ಹೊಟ್ಟೆ ಕೂಡ ಸ್ವಲ್ಪ ಒಳಗೆ ಹೋದ ಹಾಗೆ ಕಾಣ್ತು. ಹೆಂಡ್ತಿ "ರೀ, ಒಂದು ಸೈಜ್ ದೊಡ್ಡದು ನೋಡಿ, ಒಳಗೆ ಅತ್ತೆ ಸ್ವೆಟರ್ ಹಾಕ್ಬೇಕಲ್ವಾ" ಅಂದ್ಲು. ನಾನು ಎಕ್ಸೆಲ್ ಹಾಕಿ ನೋಡಿದೆ, ಭುಜ ಜೋತು ಬಿದ್ದು ಮದುವೆ ಮನೇಲಿ ಬೇರೆಯವರ ಕೋಟು ಹಾಕ್ಕೊಂಡು ಬಂದವನ ಹಾಗೆ ಕಂಡೆ. ಫೋಟೋ ಚೆನ್ನಾಗಿ ಬರಲ್ಲ ಅಂತ ಎಲ್ ಸೈಜೇ ತಗೊಂಡೆ. ನನ್ನ ಭಾವಮೈದುನ ಅದೇ ಅಂಗಡೀಲಿ ಡಬಲ್ ಎಕ್ಸೆಲ್ ತಗೊಂಡ, "ಭಾವ, ಚಳಿಗೆ ದೊಡ್ಡದೇ ಸೇಫು" ಅಂತ. ಅವನು ಸಣಕಲ. ಅವನ ಕಥೆ ಆಮೇಲೆ ಹೇಳ್ತೀನಿ.

ಅಮ್ಮನ ಸ್ವೆಟರ್ ಬಗ್ಗೆ ಮೊದಲು ಹೇಳ್ಬೇಕು. ಅದು ಅಂಗಡಿ ಸ್ವೆಟರ್ ಅಲ್ಲ, ದಪ್ಪ ಉಲ್ಲನ್ನಲ್ಲಿ ಕಡ್ಡಿ ಹಿಡಿದು ಅವರೇ ಹೆಣೆದಿದ್ದು, ಒಂದೊಂದು ಹೆಣಿಗೆನೂ ಚಕ್ಕುಲಿ ಥರ ಎದ್ದು ನಿಂತಿರತ್ತೆ. ಕೈಯಲ್ಲಿ ಹಿಡಿದ್ರೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಒಂದು ಸೆಂಟಿಮೀಟರ್ ತಾನೆ, ಜಾಕೆಟ್ ಒಳಗೆ ಅಷ್ಟು ಜಾಗ ಇರಲ್ವಾ ಅಂತ ನನ್ನ ಲೆಕ್ಕ.

ಲೆಕ್ಕ ತಪ್ಪಿದ್ದು ಅಟಲ್ ಟನಲ್ ಹತ್ರ. ಮನಾಲಿ ಕಡೆಯಿಂದ ಒಳಗೆ ಹೋದ್ರೆ ಒಂಬತ್ತು ಕಿಲೋಮೀಟರ್ ಬೆಟ್ಟದ ಹೊಟ್ಟೆ ಒಳಗೇ ಪ್ರಯಾಣ, ಆ ಕಡೆ ಬಾಯಿಗೆ ಬಂದ್ರೆ ಲಾಹೌಲ್ ಕಣಿವೆ, ಎಲ್ಲಿ ನೋಡಿದ್ರೂ ಬಿಳಿ. ಸಿಸ್ಸು ಅನ್ನೋ ಊರಲ್ಲಿ ಡ್ರೈವರ್ ಗಾಡಿ ನಿಲ್ಲಿಸಿದ. ಬಾಗಿಲು ತೆಗೆದ ತಕ್ಷಣ ಗಾಳಿ ಕೆನ್ನೆಗೆ ಬಾರಿಸಿದ ಹಾಗಾಯ್ತು. ಥರ್ಮಲ್ ಇತ್ತು, ಶರ್ಟ್ ಇತ್ತು, ಅಮ್ಮನ ಸ್ವೆಟರ್ ಇತ್ತು, ಜಾಕೆಟ್ ಎಳ್ಕೊಂಡೆ, ತೋಳು ಮೊಣಕೈ ಹತ್ರ ಸಿಕ್ಕಿಹಾಕ್ಕೊಂಡು ಸ್ವೆಟರಿನ ತೋಳೆಲ್ಲ ಕಂಕುಳಿಗೆ ಹೋಗಿ ಮುದ್ದೆ ಆಯ್ತು. ಹೇಗೋ ತೂರಿಸಿ ಜಿಪ್ ಹಾಕೋಕೆ ಹೋದ್ರೆ ಎದೆ ಹತ್ರ ಎರಡು ಬೆರಳಷ್ಟು ಗ್ಯಾಪು, ಎರಡೂ ಕಡೆ ಒಂದನ್ನೊಂದು ನೋಡ್ತಾ ನಿಂತಿವೆ, ಸೇರಲ್ಲ ಅಂತಾವೆ.

"ಉಸಿರು ಎಳ್ಕೊಳ್ಳಿ" ಅಂದ್ಲು ಹೆಂಡ್ತಿ. ಎಳ್ಕೊಂಡೆ. ಅವಳು ಒಂದು ಕಡೆ, ಭಾವಮೈದುನ ಇನ್ನೊಂದು ಕಡೆ ಹಿಡಿದು ಎಳೆದು ಜಿಪ್ ಕತ್ತಿನ ತನಕ ತಂದ್ರು. ಈಗ ಉಸಿರು ಬಿಡೋ ಹಾಗಿಲ್ಲ. ಫೋಟೋಗೆ ಅಂತ ಕೈ ಎತ್ತಿದ್ರೆ ಜಾಕೆಟ್ ಹೊಕ್ಕುಳ ತನಕ ಮೇಲೆ ಬರತ್ತೆ, ತೋಳು ಮಣಿಕಟ್ಟಿಂದ ನಾಲ್ಕು ಬೆರಳು ಹಿಂದೆ ಹೋಗತ್ತೆ, ಗ್ಲೌಸಿಗೂ ತೋಳಿಗೂ ಮಧ್ಯೆ ಬರಿ ಮೈ, ಅಲ್ಲಿಂದ ಹಿಮಾಲಯ ಒಳಗೆ ಬರತ್ತೆ. ಇಷ್ಟು ಬಿಗಿಯಾಗಿ ಪ್ಯಾಕ್ ಆಗಿದ್ರೂ ಚಳಿ ಕಮ್ಮಿ ಆಗ್ಲಿಲ್ಲ ಅನ್ನೋದು ನಂಗೆ ವಿಚಿತ್ರ ಅನ್ಸಿದ್ದು. ಉಲ್ಲನ್ ಬೆಚ್ಚಗಿಡೋದು ಅದರ ಎಳೆ ಮಧ್ಯೆ ನಿಂತಿರೋ ಗಾಳಿಯಿಂದ, ಜಾಕೆಟ್ ಒಳಗೆ ತುಂಬಿರೋದೂ ಅಷ್ಟೇ. ನಾವು ಮೂರು ಜನ ಸೇರಿ ಆ ಗಾಳೀನೆಲ್ಲ ಹಿಂಡಿ ಹೊರಗೆ ಕಳಿಸಿದ್ವಿ.

ಐದು ನಿಮಿಷ ಆದ್ಮೇಲೆ ಸೀನು ಬಂತು, ಜಿಪ್ಪು ತಾನಾಗೇ ತೆರ್ಕೊಂಡಿತು.

ಭಾವಮೈದುನ ನಗ್ತಿದ್ದ, ಆದ್ರೆ ನಡುಗ್ತಾ ನಗ್ತಿದ್ದ. ಅವನ ಡಬಲ್ ಎಕ್ಸೆಲ್ ಒಳಗೆ ಒಂದು ಥರ್ಮಲ್, ಒಂದು ಟೀ ಶರ್ಟ್ ಅಷ್ಟೇ, ಮಿಕ್ಕಿದ್ದೆಲ್ಲ ಖಾಲಿ ಸೈಟು. ಖಾಲಿ ಜಾಗದಲ್ಲಿ ಗಾಳಿ ಇದ್ರೆ ಬೆಚ್ಚಗಿರ್ಬೇಕಲ್ವಾ ಅಂದ್ರೆ, ನಿಂತ ಗಾಳಿ ಆದ್ರೆ ಮಾತ್ರ. ಅವನು ಒಂದೊಂದು ಹೆಜ್ಜೆ ಇಟ್ಟಾಗಲೂ ಜಾಕೆಟ್ಟು ಕಮ್ಮಾರನ ತಿದಿ ಥರ ಬೆಚ್ಚಗಿನ ಗಾಳೀನ ಕತ್ತಿಂದ ಹೊರಗೆ ದಬ್ಬಿ, ಕೆಳಗಿಂದ ಐಸ್ ಗಾಳಿ ಎಳ್ಕೊಳ್ತಿತ್ತು. ಜಾಕೆಟ್ ಕೆಳ ಅಂಚಲ್ಲಿ ಎಳೆದು ಬಿಗಿ ಮಾಡೋ ದಾರ ಇತ್ತು, ಅದನ್ನ ಆ ಮಹಾನುಭಾವ ಡಿಸೈನ್ ಅಂದ್ಕೊಂಡಿದ್ದ. ಡ್ರೈವರ್ ಬಂದು ಎಳೆದು ಕೊಟ್ಟ ಮೇಲೆ ಅವನ ಹಲ್ಲು ಕಟಕಟ ನಿಂತಿತು. ನಂಗೆ ಅಂಥ ದಾರ ಯಾವುದೂ ಇರ್ಲಿಲ್ಲ. ದೊಡ್ಡದನ್ನ ಬಿಗಿ ಮಾಡ್ಬೋದು, ಚಿಕ್ಕದನ್ನ ಏನ್ ಮಾಡ್ತೀರಾ?

ಕೊನೆಗೆ ನಾನು ಗಾಡಿ ಹಿಂದೆ ಹೋಗಿ, ಯಾರೂ ನೋಡದ ಹಾಗೆ, ಅಮ್ಮನ ಸ್ವೆಟರ್ ಬಿಚ್ಚಿ ಬ್ಯಾಗಿಗೆ ಹಾಕ್ದೆ. ಜಿಪ್ಪು ಸಲೀಸಾಗಿ ಬಂತು. ಚಳಿನೂ ಸಲೀಸಾಗಿ ಬಂತು.

ಊರಿಗೆ ಬಂದ್ಮೇಲೆ ಜಾಕೆಟ್ ಬಿಚ್ಚಿ ದೊಡ್ಡದು ಮಾಡ್ಕೊಡೋಕೆ ಆಗತ್ತಾ ಅಂತ ನಮ್ಮ ಬೀದಿ ಟೈಲರ್ ಹತ್ರ ತಗೊಂಡು ಹೋದೆ. ಅವರು ಟೇಪ್ ತೆಗೆದು ನನ್ನ ಎದೆ ಅಳೆದ್ರು, ಶರ್ಟ್ ಮೇಲೆ 40 ಇಂಚು. ಆಮೇಲೆ ಅದೇ ಥರ್ಮಲ್, ಸ್ವೆಟರ್ ಎಲ್ಲ ಹಾಕ್ಕೊಂಡು ಬನ್ನಿ ಅಂದ್ರು. ಬಂದೆ, ಬೆವರು ಸುರಿಸ್ಕೊಂಡು ನಿಂತೆ, 43 ಇಂಚು. ಒಂದು ಸೆಂಟಿಮೀಟರ್ ಸ್ವೆಟರ್ ಹೇಗೆ ಸಾರ್ ಮೂರಿಂಚು ಆಗತ್ತೆ ಅಂದ್ರೆ, "ಅದು ಸುತ್ತ ಇರತ್ತಲ್ಲ ಸಾರ್" ಅಂದ್ರು. ಸ್ಕೂಲಲ್ಲಿ ಎರಡು ಪೈ ಆರ್ ಅಂತ ಬಾಯಿಪಾಠ ಮಾಡಿದ್ದು ನೆನಪಾಯ್ತು. ದಪ್ಪ ಒಂದು ಸೆಂಟಿಮೀಟರ್ ಜಾಸ್ತಿ ಆದ್ರೆ ಸುತ್ತಳತೆ ಆರು ಸೆಂಟಿಮೀಟರಿಗಿಂತ ಜಾಸ್ತಿ, ಅಂದ್ರೆ ಸುಮಾರು ಎರಡೂವರೆ ಇಂಚು. ಮಿಕ್ಕ ಅರ್ಧ ಇಂಚು ಥರ್ಮಲ್ಲಿಂದು. ಗಣಿತದ ಮೇಷ್ಟ್ರು ಆಗ್ಲೇ ಇದನ್ನ ಸ್ವೆಟರ್ ಇಟ್ಕೊಂಡು ಹೇಳಿದ್ರೆ ನಾನು ಉದ್ಧಾರ ಆಗ್ತಿದ್ದೆ.

ಆಮೇಲೆ ಅವರು ಜಾಕೆಟ್ಟನ್ನ ಟೇಬಲ್ ಮೇಲೆ ಹಾಸಿ ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದ್ರು, 22, ಡಬಲ್ ಮಾಡಿದ್ರೆ 44. "ನೋಡಿ, 43ಕ್ಕೆ 44, ಹಿಡೀಬೇಕಲ್ಲ" ಅಂದೆ. ಅವರು ನಕ್ಕು ಜಾಕೆಟ್ ತಿರುಗಿಸಿ ಒಳಗಡೆ ಟೇಪ್ ಹಾಕಿದ್ರು, 41 ಚಿಲ್ಲರೆ. ಹೊರಗಿನ ಅಳತೇಲಿ ಪ್ಯಾಡಿಂಗ್ ತನ್ನ ಪಾಲು ತಿಂದಿರತ್ತೆ. ಗೋಡೆ ದಪ್ಪ ಆದಷ್ಟೂ ರೂಮು ಚಿಕ್ಕದು. 40ರ ಮೈಗೆ 41 ಚಿಲ್ಲರೆ ಜಾಕೆಟ್ಟು ಕನ್ನಡಿ ಮುಂದೆ ಹೊಲಿಸಿದ ಹಾಗೆ ಕಾಣದೆ ಇನ್ನೇನು?

"ಶರ್ಟ್ ಹೊಲಿಯೋಕೆ ಕೊಟ್ರೆ ಲೂಸ್ ಎಷ್ಟು ಬಿಡ್ಲಿ ಅಂತ ಕೇಳ್ತೀನಲ್ಲ ಸಾರ್, ಅಂಗಡೀಲಿ ಯಾರೂ ಕೇಳ್ಲಿಲ್ವಾ" ಅಂದ್ರು. ಅವರ ಪ್ರಕಾರ ಒಳಗಿನದ್ದೆಲ್ಲ ಹಾಕ್ಕೊಂಡು ಅಳೆದ ಮೇಲೆ ಇನ್ನೂ ಮೂರು ನಾಲ್ಕು ಇಂಚು ಇರ್ಬೇಕು, ನಂಗೆ ಒಳಗಡೆ 46, 47. ಜಿಪ್ ಹಾಕ್ಕೊಂಡು ಎರಡೂ ಕೈ ಮುಂದೆ ತಂದು ನಿಮ್ಮನ್ನ ನೀವೇ ತಬ್ಬಿಕೊಳ್ಳಿ, ಬೆನ್ನಿಗೆ ಹಿಡಿಬಾರ್ದು, ತೋಳು ಮಣಿಕಟ್ಟು ಬಿಟ್ಟು ಓಡಬಾರ್ದು, ಕೂತ್ರೆ ಹೊಟ್ಟೆ ಹತ್ರ ಎಳೀಬಾರ್ದು. ಭುಜ ಸ್ವಲ್ಪ ಜೋತ್ರೆ ಜೋಲಲಿ, ಒಳಗೆ ಸ್ವೆಟರ್ ಬಂದ್ರೆ ಅದೇ ಎದ್ದು ಕೂರತ್ತೆ. ನಾನು ಬೇಡ ಅಂದ ಎಕ್ಸೆಲ್ ನೆನಪಾಗಿ ಕರುಳು ಚುರ್ ಅಂತು. ಜಾಕೆಟ್ ದೊಡ್ಡದು ಮಾಡೋಕೆ ಆಗಲ್ಲ ಅಂತ ಮಡಚಿ ವಾಪಸ್ ಕೊಟ್ರು, ಹೊಲಿಗೆ ಪಕ್ಕ ಬಿಡೋಕೆ ಬಟ್ಟೆನೇ ಇಲ್ವಂತೆ.

ಇನ್ನು ಅಮ್ಮ. ಸಿಸ್ಸುದಲ್ಲಿ ತೆಗೆದ ಫೋಟೋನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ, ಹಿಂದೆ ಹಿಮ, ಮುಂದೆ ಫಿಟ್ ಆಗಿರೋ ನಾನು. ಎಲ್ಲರೂ ಹಾರ್ಟ್ ಹಾಕಿದ್ರು. ಎರಡು ನಿಮಿಷಕ್ಕೆ ಅಮ್ಮನ ಫೋನು ಬಂತು. ಝೂಮ್ ಮಾಡಿ ಕತ್ತಿನ ಹತ್ರ ನೋಡಿದಾರೆ.

"ಲೋ, ಸ್ವೆಟರ್ ಎಲ್ಲೋ?"