ಫೋಟೋದ ಶೇರ್ವಾನಿ, ಎಡಭುಜದ ಪ್ಯಾಡು

ಈ ಕಾಲದ ಹುಡುಗರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬೈಯಲ್ಲ, ಹೆದರಬೇಡಿ. ನಾನು ಚೌಕಿಪೇಟೆ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತು ತಲೆ ನರೆಸಿಕೊಂಡವನು. ಫೋಟೋದಲ್ಲಿ ಬಟ್ಟೆ ಹಾಕಿ ನೋಡೋದು ತಪ್ಪು ಅನ್ನಲ್ಲ. ಆದರೆ ಆ ಫೋಟೋ ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಅನ್ನೋದು ಗೊತ್ತಿರಬೇಕು.

ಹೋದ ಚಳಿಗಾಲ ಒಂದು ರಾತ್ರಿ ಅರ್ಧ ಶಟರ್ ಇಳಿಸಿದ್ದೆ. ನಮ್ಮ ಹಳೇ ಗಿರಾಕಿ ಮನೆಯ ಹುಡುಗಿ ಬಗ್ಗಿ ಒಳಗೆ ಬಂದಳು. ಅವಳದ್ದೇ ಮದುವೆ. ಫೋನ್ ನನ್ನ ಮೂಗಿನ ಹತ್ತಿರ ಹಿಡಿದು, "ಅಂಕಲ್, ಅಣ್ಣ ಹೆಂಗ್ ಕಾಣ್ತಾನೆ ನೋಡ್ರಿ" ಅಂದಳು.

ಚೆನ್ನಾಗಿಯೇ ಕಾಣುತ್ತಿದ್ದ. ಕೆನೆ ಬಣ್ಣದ ಶೇರ್ವಾನಿ, ಎದೆ ಮೇಲೆ ಜರಿ ಬುಟ್ಟಾ, ಅಂಚಿಗೆ ಕಸೂತಿ ಪಟ್ಟಿ. ಮದುಮಗನೇ ಇವನೇನೋ ಅನ್ನೋ ಹಾಗೆ. ಆದರೆ ಹುಡುಗ ಇರೋದು ಜರ್ಮನಿಯಲ್ಲಿ. ಶೇರ್ವಾನಿ ನೇತಾಡ್ತಿರೋದು ಇಲ್ಲೇ ನಮ್ಮ ದಾವಣಗೆರೆಯ ಒಂದು ಅಂಗಡಿಯಲ್ಲಿ. ಇವಳು ಹ್ಯಾಂಗರಿನ ಫೋಟೋ ತೆಗೆದು ಕಳಿಸಿದ್ದಾಳೆ. ಅವನು ತನ್ನ ಫೋಟೋ ಜೊತೆ ಸೇರಿಸಿ ಯಾವುದೋ ಆ್ಯಪ್‌ಗೆ ಹಾಕಿದ್ದಾನೆ. ಅದು ಬಟ್ಟೆ ತೊಡಿಸಿ ಕೊಟ್ಟಿದೆ.

"ಇದೇ ಫಿಟ್ಟಿಂಗ್ ಬರುತ್ತಲ್ವಾ ಅಂಕಲ್?"

ನನಗೆ ನಗು ಬಂತು. "ಯಾವ ಸೈಜಿನ ಶೇರ್ವಾನಿ ಫೋಟೋ ತೆಗೆದೆವ್ವಾ?" ಅಂದೆ. ಅವಳಿಗೆ ನೆನಪಿಲ್ಲ. ಮರುದಿನ ಅಂಗಡಿಗೆ ಹೋಗಿ ಅದೇ ಡಿಸೈನಿನ 38 ಮತ್ತು 44 ಎರಡರ ಫೋಟೋ ತೆಗೆದು ಅಣ್ಣನಿಗೆ ಕಳಿಸು ಅಂದೆ. ಕಳಿಸಿದಳು. ಅವನು ಎರಡನ್ನೂ ಹಾಕಿ ನೋಡಿದ. ಎರಡೂ ಒಂದೇ ಥರ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದ್ದವು! ಆ್ಯಪ್ ಅಳತೆ ತೆಗೆಯೋದಿಲ್ಲ. ಇವನ ಮೈ ಹೇಗಿದೆಯೋ ಹಾಗೆ ಬಟ್ಟೆಯ ಚಿತ್ರ ಬರೆಯುತ್ತದೆ. ಅಲ್ಲಿ ಬಟ್ಟೆ ಬಿಗಿಯಾಗೋದೂ ಇಲ್ಲ, ಸಡಿಲಾಗೋದೂ ಇಲ್ಲ. ಡಿಸೈನ್ ಒಪ್ಪುತ್ತಾ, ಕಾಲರ್ ಮುಖಕ್ಕೆ ಹೊಂದುತ್ತಾ ಅಂತ ನೋಡೋಕೆ ಒಳ್ಳೇದೇ.

ಬಣ್ಣದ ವಿಷಯವೂ ಹಾಗೇ. ಅಂಗಡಿಯ ಹಳದಿ ಲೈಟಿನಲ್ಲಿ ಕೆನೆ ಬಣ್ಣ ಚಿನ್ನದ ಬಣ್ಣ ಆಗಿತ್ತು. ಬಾಗಿಲ ಹತ್ತಿರ ಬಿಸಿಲಿನ ಬೆಳಕಿಗೆ ತಂದು, ಪಕ್ಕದಲ್ಲಿ ಬಿಳಿ ಕರ್ಚೀಫ್ ಇಟ್ಟು ತೆಗಿ ಅಂದೆ. ಫೋಟೋದಲ್ಲಿ ಕರ್ಚೀಫ್ ಬೆಳ್ಳಗೆ ಕಂಡರೆ ಬಟ್ಟೆ ಬಣ್ಣವನ್ನೂ ಹೆಚ್ಚುಕಡಿಮೆ ನಂಬಬಹುದು. ಕರ್ಚೀಫೇ ಹಳದಿಯಾದರೆ ನಂಬಬೇಡಿ. ಅಷ್ಟೇ.

ನಿಜವಾದ ತಲೆನೋವು ಇದ್ದದ್ದು ಭುಜದಲ್ಲಿ.

ಆ್ಯಪ್ ಮಾಡಿದ ಚಿತ್ರ ಬೇಡ, ನಿನ್ನ ಮೂಲ ಫೋಟೋ ಕಳಿಸಪ್ಪಾ ಅಂತ ಹುಡುಗನಿಗೇ ಹೇಳಿದೆ. ಬೀರುವಿನ ಕನ್ನಡಿ ಮುಂದೆ ನಿಂತು ತೆಗೆದುಕೊಂಡಿದ್ದ. ನೋಡಿದ ತಕ್ಷಣ ಗೊತ್ತಾಯಿತು, ಒಂದು ಭುಜ ಇಳಿದಿದೆ. ಫೋನ್ ವಾಲಿಸಿ ಹಿಡಿದಿದ್ದರೂ ಹಾಗೇ ಕಾಣುತ್ತದೆ. ಅದಕ್ಕೇ ಹಿಂದಿನ ಬಾಗಿಲ ಚೌಕಟ್ಟು ನೋಡಿದೆ. ಅದು ನೆಟ್ಟಗೇ ಇತ್ತು. ಅಂದರೆ ವಾಲಿರೋದು ಹುಡುಗನೇ. ಇದೇನು ರೋಗ ಅಲ್ಲ, ತುಂಬಾ ಜನಕ್ಕೆ ಇರುತ್ತದೆ. ಆ್ಯಪ್ ಮಾತ್ರ ಎರಡೂ ಭುಜ ಸಮ ಮಾಡಿ ತೋರಿಸಿತ್ತು.

ಜುಬ್ಬಾ ಆದರೆ ಇದು ಲೆಕ್ಕಕ್ಕೇ ಬರಲ್ಲ, ಮೆತ್ತಗೆ ಮೈ ಮೇಲೆ ಬೀಳುತ್ತದೆ. ಶೇರ್ವಾನಿ ಹಾಗಲ್ಲ. ಎದೆಗೆ ಒಳಗಡೆ ಕ್ಯಾನ್ವಾಸ್ ಇರುತ್ತದೆ, ಭುಜಕ್ಕೆ ಪ್ಯಾಡ್ ಇರುತ್ತದೆ, ಅದು ಗಟ್ಟಿ ಬಟ್ಟೆ. ಭುಜ ಇಳಿದ ಕಡೆ ಕತ್ತಿನಿಂದ ಕಂಕುಳದವರೆಗೆ ಓರೆಯಾಗಿ ನೆರಿಗೆ ಬೀಳುತ್ತದೆ. ಗುಂಡಿ ಸಾಲು ಸೊಟ್ಟಗಾಗುತ್ತದೆ. ಕೆಳಗಿನ ಅಂಚು ಒಂದು ಕಡೆ ಜೋತು ಬೀಳುತ್ತದೆ. ಇದಕ್ಕೆ ಮದ್ದು ಸುಲಭ. ಇಳಿದ ಭುಜಕ್ಕೆ ಸುಮಾರು ಕಾಲಿಂಚು ಪ್ಯಾಡ್ ಜಾಸ್ತಿ ಕೊಟ್ಟರೆ ಆಯಿತು.

ಫೋಟೋ ನೋಡಿ ಬಲಭುಜ ಅಂತ ಚೀಟಿಯಲ್ಲಿ ಬರೆದುಕೊಂಡೆ. ಪುಣ್ಯಕ್ಕೆ ಇನ್ನೊಮ್ಮೆ ನೋಡಿದೆ. ಹುಡುಗನ ಅಂಗಿ ಜೇಬು ಬಲ ಎದೆ ಮೇಲಿತ್ತು! ಗಂಡಸರ ಅಂಗಿಗೆ ನಾವು ಜೇಬು ಇಡೋದು ಎಡಕ್ಕೆ ಅಲ್ವಾ? ಕನ್ನಡಿಯಲ್ಲಿ ತೆಗೆದದ್ದು, ಎಲ್ಲಾ ತಿರುಗಿದೆ. ಇಳಿದಿರೋದು ಎಡಭುಜ. ನಾನು ಬಲಕ್ಕೆ ಪ್ಯಾಡ್ ಕೊಟ್ಟಿದ್ದರೆ ಎತ್ತರದ್ದು ಇನ್ನೂ ಏರಿ, ಮದುವೆ ಮನೆಯಲ್ಲಿ ತಕ್ಕಡಿ ಥರ ಕಾಣ್ತಿದ್ದ. ಸೆಲ್ಫಿಯೂ ಕೆಲವು ಫೋನ್‌ಗಳಲ್ಲಿ ಹೀಗೇ ತಿರುಗಿ ಸೇವ್ ಆಗುತ್ತದೆ. ಜೇಬನ್ನೋ, ಬನಿಯನ್ ಮೇಲಿನ ಅಕ್ಷರವನ್ನೋ ನೋಡಿದರೆ ತಿಳಿಯುತ್ತದೆ. ಆಮೇಲೆ ರೂಮಿನ ಗೆಳೆಯನ ಕೈಲಿ, ಎಂಟು ಹತ್ತು ಅಡಿ ದೂರದಿಂದ, ಫೋನನ್ನು ಎದೆ ಮಟ್ಟಕ್ಕೆ ಹಿಡಿದು, ಬೆನ್ನಿನ ಕಡೆಯಿಂದಲೂ ಒಂದು ತೆಗೆಸಿದೆ. ಎಡವೇ ಖಾತ್ರಿ.

ಅಳತೆಗೆ ಆ ಮನೆಯಲ್ಲಿ ಟೇಪ್ ಇಲ್ಲ. ಚಾರ್ಜರ್ ವೈರ್ ಸುತ್ತಿ, ಬೆರಳಿಟ್ಟು, ಸ್ಕೇಲ್ ಮೇಲೆ ಹಿಡಿದರು. ಎದೆ 106 ಸೆಂಟಿಮೀಟರ್ ಅಂದ. 2.54ರಿಂದ ಭಾಗಿಸಿದರೆ ಹತ್ತಿರ ಹತ್ತಿರ 42 ಇಂಚು. ಆ ಕಡ್ಡಿ ಮೈಗೆ 42 ಎಲ್ಲಿಂದ ಬರಬೇಕು? "ಮೇಲೆ ಏನ್ ಹಾಕಿದೀಯಪ್ಪಾ?" ಅಂದೆ. "ಸ್ವೆಟರ್ ಅಂಕಲ್, ಇಲ್ಲಿ ಚಳಿ." ತೆಗೆಸಿ ತೆಳು ಅಂಗಿ ಮೇಲೆ ಅಳೆಸಿದಾಗ 99, ಅಂದರೆ 39 ಇಂಚು. ಭುಜ 46 ಸೆಂಟಿಮೀಟರ್, 18 ಇಂಚು ಹಿಡಿಯಬಹುದು. ಒಳಗೆ ಕುರ್ತಾ ಬರುತ್ತದೆ, ಮೂರೂವರೆ ನಾಲ್ಕು ಇಂಚು ಸಡಿಲ ಬೇಕು. ತಂಗಿ ಮದುವೆಯಲ್ಲಿ ಅಣ್ಣ ಅನ್ನೋನು ನಿಂತಲ್ಲಿ ನಿಲ್ಲಲ್ಲ. ಕುರ್ಚಿ ಎಳೀಬೇಕು, ಪಂಕ್ತಿಯಲ್ಲಿ ಬಗ್ಗಿ ಬಡಿಸಬೇಕು. ಅಂಗಡಿಯಲ್ಲಿ ಸೈಜ್ ಚೀಟಿ ನೋಡದೆ, ಗುಂಡಿ ಹಾಕಿ ಮೇಜಿನ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದೆ. 40ರ ಸೈಜಿನದು ಇಪ್ಪತ್ತೊಂದೂವರೆ ಇತ್ತು, ಎರಡು ಪಟ್ಟು 43. ಭುಜವೂ ಸರಿ. ಭುಜ ಯಾಕೆ ಮುಖ್ಯ ಅಂದರೆ ಎದೆ, ಸೊಂಟ ಪಕ್ಕದ ಹೊಲಿಗೆಯಲ್ಲಿ ಹಿಡಿಯಬಹುದು. ಭುಜ ಮಾಡಬೇಕು ಅಂದರೆ ತೋಳು ಬಿಚ್ಚಬೇಕು, ಕಸೂತಿ ಕೆಡುತ್ತದೆ.

ಹುಡುಗ ಬಂದಿದ್ದು ಗುರುವಾರ, ಮದುವೆ ಭಾನುವಾರ. ಬಸ್ ಇಳಿದು ಸೀದಾ ಅಂಗಡಿಗೇ ಬಂದ. ಹಾಕಿಸಿದೆ. ಭುಜ ಕೂತಿತು, ಗುಂಡಿ ಸಾಲು ನೆಟ್ಟಗೆ. ಕೈ ಎತ್ತಿಸಿದೆ, ಕೆಳಗೆ ಕೂರಿಸಿದೆ, ಎಲ್ಲೂ ಹಿಡಿಯಲಿಲ್ಲ.

ಉದ್ದದಲ್ಲಿ ಮಾತ್ರ ಸೋತೆ. ಆ್ಯಪ್ ಚಿತ್ರದಲ್ಲಿ ಅಂಚು ಸರಿಯಾಗಿ ಮಂಡಿಗೆ ಬಂದಿತ್ತು. ನಿಜದಲ್ಲಿ ಎರಡು ಇಂಚು ಕೆಳಗೆ. ಮಡಚೋಣ ಅಂದರೆ ಕೆಳಗೆ ಕಸೂತಿ ಪಟ್ಟಿ, ಅದೇ ಒಳಗೆ ಹೋಗುತ್ತದೆ. ನಾನು ಎದೆ, ಭುಜ ಅಂತ ಗುದ್ದಾಡಿ, ಮಂಡಿಯವರೆಗಿನ ಉದ್ದ ಕೇಳೋದನ್ನೇ ಮರೆತಿದ್ದೆ. ತಪ್ಪು ನನ್ನದೇ. ಹಾಗೇ ಹಾಕಿಕೊಂಡ, ಯಾರೂ ಏನೂ ಅನ್ನಲಿಲ್ಲ.

ಅನ್ನಲಿಲ್ಲ ಅಂದೆನಲ್ಲ, ಅವರಮ್ಮ ಆ ಆ್ಯಪ್ ಫೋಟೋವನ್ನು ಮೊದಲೇ ಎಲ್ಲಾ ನೆಂಟರಿಗೂ ಕಳಿಸಿಬಿಟ್ಟಿದ್ದರು. ಪಂಕ್ತಿಯಲ್ಲಿ ಒಬ್ಬ ಅಜ್ಜಿ ಅವನ ಕೈ ಹಿಡಿದು, "ಫೋಟೋದಾಗೆ ದುಂಡಗಿದ್ದೆ, ವಿಮಾನದಾಗೆ ಊಟ ಕೊಡ್ಲಿಲ್ಲೇನೋ?" ಅಂದಳಂತೆ.

ವಾಪಸ್ ಹೋಗೋ ಮುಂಚೆ ಹುಡುಗ ಶೇರ್ವಾನಿ ತಂದು ನನ್ನ ಮೇಜಿನ ಮೇಲಿಟ್ಟ. "ಅಂಕಲ್, ಇದನ್ನ ಚಿಕ್ಕಪ್ಪನ ಮಗ ಹಾಕ್ಕೊಳ್ತಾನಂತೆ. ಎಡಗಡೆ ಪ್ಯಾಡ್ ತೆಗೆದುಬಿಡಿ" ಅಂದ.

ತೆಗೆಯಲಿಲ್ಲ. ಮೊದಲು ಅವನನ್ನ ಕಳಿಸು, ನಿಲ್ಲಿಸಿ ನೋಡ್ತೀನಿ ಅಂದೆ.